ಒಂದೇ ಬ್ಯಾಂಕು, ನಾಲ್ಕು ಹುದ್ದೆ: ರೆಸ್ಯೂಮ್‌ನಲ್ಲಿ ಬರೆಯುವುದು ಹೇಗೆ?

ಸರ್ಕಾರಿ ಬ್ಯಾಂಕಿಗೆ ಗುಮಾಸ್ತರಾಗಿ ಸೇರಿ, ಬಡ್ತಿ ಪಡೆಯುತ್ತಾ ಸೀನಿಯರ್ ಮ್ಯಾನೇಜರ್ ಆದವರು ಖಾಸಗಿ ಸಂಸ್ಥೆಗೆ ಅರ್ಜಿ ಹಾಕುವಾಗ ಒಂದು ತೊಡಕು ಎದುರಾಗುತ್ತದೆ. ಬ್ಯಾಂಕಿನಲ್ಲಿ ಬಡ್ತಿಯ ಜೊತೆಗೆ ಸಾಮಾನ್ಯವಾಗಿ ವರ್ಗಾವಣೆಯೂ ಬರುತ್ತದೆ. ಹಾಗಾಗಿ ಪ್ರತಿ ಹುದ್ದೆಗೂ ಬ್ಯಾಂಕಿನ ಹೆಸರು, ಊರು, ಅವಧಿ ಎಂದು ಬೇರೆ ಬೇರೆ ಭಾಗ ಮಾಡಿ ಬರೆಯುತ್ತಾರೆ. ಮೇಲಿಂದ ಮೇಲೆ ಕಣ್ಣು ಹಾಯಿಸುವ ನೇಮಕಾತಿ ಅಧಿಕಾರಿಗೆ ಇವರು ಮೂರು ನಾಲ್ಕು ವರ್ಷಕ್ಕೊಮ್ಮೆ ಕೆಲಸ ಬಿಡುವವರಂತೆ ಕಾಣುತ್ತಾರೆ. ಒಂದೇ ಕಡೆ ನಿಂತು ಬೆಳೆದದ್ದೇ ಇವರ ದೊಡ್ಡ ಅರ್ಹತೆ, ಅದೇ ಕಣ್ಣಿಗೆ ಬೀಳುವುದಿಲ್ಲ.

ಬ್ಯಾಂಕುಗಳ ವಿಲೀನ ಈ ಗೊಂದಲವನ್ನು ಇನ್ನೂ ಹೆಚ್ಚಿಸಿದೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. ಅದಕ್ಕೆ ಒಂದು ವರ್ಷ ಮೊದಲು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಗಿತ್ತು. ಇಲ್ಲಿ ನೌಕರರು ಕೆಲಸ ಬದಲಿಸಲಿಲ್ಲ, ಬ್ಯಾಂಕಿನ ಹೆಸರು ಬದಲಾಯಿತು ಅಷ್ಟೆ. ಆದರೆ ರೆಸ್ಯೂಮ್‌ನಲ್ಲಿ ಎರಡು ಹೆಸರು ಬೇರೆ ಬೇರೆಯಾಗಿ ಬಂದರೆ ಓದುವವರಿಗೆ ಅದು ತಿಳಿಯುವುದಿಲ್ಲ.

ಒಂದು ಉದಾಹರಣೆ ನೋಡೋಣ. 2010ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಕುಂದಾಪುರ ಶಾಖೆಗೆ ಸೇರಿದವರೊಬ್ಬರು ಈಗ ಗೃಹಸಾಲ ಕೊಡುವ ಖಾಸಗಿ ಕಂಪನಿಯೊಂದಕ್ಕೆ ಅರ್ಜಿ ಹಾಕುತ್ತಿದ್ದಾರೆ ಎಂದುಕೊಳ್ಳಿ. ರೆಸ್ಯೂಮ್ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ಅದರ ರೂಪ ಮಾತ್ರ ಹೀಗಿರಲಿ:

ಕೆನರಾ ಬ್ಯಾಂಕ್ (2020ರ ಮಾರ್ಚ್‌ವರೆಗೆ ಸಿಂಡಿಕೇಟ್ ಬ್ಯಾಂಕ್), ಜುಲೈ 2010ರಿಂದ ಇಂದಿನವರೆಗೆ

ಸೀನಿಯರ್ ಮ್ಯಾನೇಜರ್, ಬೆಂಗಳೂರು: ಜುಲೈ 2022ರಿಂದ ಇಂದಿನವರೆಗೆ

ಮ್ಯಾನೇಜರ್, ದಾವಣಗೆರೆ: ಜೂನ್ 2018 – ಜುಲೈ 2022

ಅಧಿಕಾರಿ, ಹುಬ್ಬಳ್ಳಿ: ಜೂನ್ 2014 – ಜೂನ್ 2018

ಗುಮಾಸ್ತ, ಕುಂದಾಪುರ: ಜುಲೈ 2010 – ಜೂನ್ 2014

ಬ್ಯಾಂಕಿನ ಹೆಸರು ಮತ್ತು ಒಟ್ಟು ಅವಧಿ ದಪ್ಪ ಅಕ್ಷರದಲ್ಲಿ ಒಮ್ಮೆ ಮಾತ್ರ ಬರಬೇಕು. ಹುದ್ದೆಗಳು ಅದರ ಕೆಳಗೆ ಸ್ವಲ್ಪ ಒಳಕ್ಕೆ ಸರಿದಿರಲಿ, ಈಗಿನದು ಮೊದಲು. ಒಂದು ಹುದ್ದೆಯಲ್ಲಿದ್ದಾಗಲೇ ಶಾಖೆ ಬದಲಾಗಿದ್ದರೆ ಅದಕ್ಕೆ ಹೊಸ ಸಾಲು ಬೇಡ, ಎರಡೂ ಊರನ್ನು ಅದೇ ಸಾಲಿನಲ್ಲಿ ಬರೆದರೆ ಸಾಕು. ವರ್ಗಾವಣೆ ಬಡ್ತಿಯಲ್ಲ.

ಇನ್ನು ಪ್ರತಿ ಹುದ್ದೆಯ ಕೆಳಗೆ ಏನು ಬರೆಯಬೇಕು? ಹೆಚ್ಚಿನವರು ಎಡವುವುದು ಇಲ್ಲೇ. ಅಧಿಕಾರಿಯಾಗಿದ್ದಾಗಲೂ ‘ಸಾಲ ವಿಭಾಗದ ಕೆಲಸ’, ಮ್ಯಾನೇಜರ್ ಆದಾಗಲೂ ‘ಸಾಲ ವಿಭಾಗದ ಕೆಲಸ’ ಎಂದೇ ಬರೆದರೆ, ಬದಲಾದದ್ದು ಕುರ್ಚಿ ಮಾತ್ರ ಎಂದಾಗುತ್ತದೆ. ಪ್ರತಿ ಬಡ್ತಿಯಲ್ಲೂ ಯಾವ ಅಧಿಕಾರ ಹೊಸದಾಗಿ ಕೈಗೆ ಬಂತು ಎಂಬುದನ್ನು ಬರೆಯಿರಿ. ನಮ್ಮ ಉದಾಹರಣೆಯವರು ಹುಬ್ಬಳ್ಳಿಯಲ್ಲಿ ಗೃಹಸಾಲದ ಅರ್ಜಿ ಪರಿಶೀಲಿಸಿ ಮೇಲಿನವರಿಗೆ ಶಿಫಾರಸು ಮಾಡುತ್ತಿದ್ದರು. ದಾವಣಗೆರೆಯಲ್ಲಿ ತಮಗೆ ಕೊಟ್ಟ ಮಿತಿಯೊಳಗೆ ತಾವೇ ಮಂಜೂರು ಮಾಡುತ್ತಿದ್ದರು. ಬೆಂಗಳೂರಿನಲ್ಲಿ ಇತರ ಅಧಿಕಾರಿಗಳು ಕಳಿಸಿದ ಕಡತಗಳ ಮೇಲೆ ತೀರ್ಮಾನ ತೆಗೆದುಕೊಳ್ಳುತ್ತಾರೆ. ಶಿಫಾರಸು, ಮಂಜೂರಾತಿ, ಮೇಲ್ವಿಚಾರಣೆ ಎಂಬ ಈ ಏಣಿ ಗೃಹಸಾಲ ಕಂಪನಿಯವರಿಗೆ ತಕ್ಷಣ ಅರ್ಥವಾಗುತ್ತದೆ. ಈಗಿನ ಹುದ್ದೆಗೆ ನಾಲ್ಕೈದು ಸಾಲು, ಹಿಂದಿನದಕ್ಕೆ ಎರಡು ಮೂರು ಸಾಲು ಸಾಕು. ಗುಮಾಸ್ತ ಹುದ್ದೆಗೆ ಬರೀ ಹೆಸರು, ಅವಧಿ ಇದ್ದರೂ ನಡೆಯುತ್ತದೆ. ಬಡ್ತಿ ಆಂತರಿಕ ಪರೀಕ್ಷೆ ಮತ್ತು ಸಂದರ್ಶನದಿಂದ ಬಂದದ್ದಾದರೆ ಅದನ್ನು ತಪ್ಪದೆ ಹೇಳಿ, ಹೊರಗಿನವರಿಗೆ ಅದು ಗೊತ್ತಿರುವುದಿಲ್ಲ. ‘ಸ್ಕೇಲ್ 3’ ಎಂದಷ್ಟೇ ಬರೆದರೂ ಅವರಿಗೆ ತಿಳಿಯದು, ಜೊತೆಗೆ ಹುದ್ದೆಯ ಹೆಸರಿರಲಿ. ಗ್ರಾಹಕರ ಹೆಸರು, ಶಾಖೆಯ ಒಳಗಿನ ಲೆಕ್ಕ ಮಾತ್ರ ಬೇಡ.

ಕೆಲವರು ಇದರ ವಿರುದ್ಧ ದಿಕ್ಕಿಗೆ ಹೋಗಿ ‘ಸೀನಿಯರ್ ಮ್ಯಾನೇಜರ್, 2010ರಿಂದ’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ನೋಡಲು ಚೊಕ್ಕವಾಗಿದೆ, ಆದರೆ ಅದು ಸುಳ್ಳು. ಕೆಲಸ ಸಿಗುವ ಹಂತದಲ್ಲಿ ಹಿನ್ನೆಲೆ ಪರಿಶೀಲನೆ ಮಾಡುವವರು ಸೇವಾ ಪ್ರಮಾಣಪತ್ರದ ದಿನಾಂಕ ಮತ್ತು ಹುದ್ದೆಯನ್ನು ರೆಸ್ಯೂಮ್ ಜೊತೆ ತಾಳೆ ನೋಡುತ್ತಾರೆ. ಅಲ್ಲಿ ವ್ಯತ್ಯಾಸ ಕಂಡರೆ ಕೈಗೆ ಬಂದ ಕೆಲಸವೂ ತಪ್ಪಬಹುದು. ಆದ್ದರಿಂದ ಬರೆಯಲು ಕೂರುವ ಮೊದಲು ಬಡ್ತಿಯ ಆದೇಶಪತ್ರಗಳನ್ನು ಎದುರಿಗಿಟ್ಟುಕೊಂಡು ತಿಂಗಳು, ವರ್ಷ ಅದರಿಂದಲೇ ತೆಗೆದುಕೊಳ್ಳಿ.

ಆನ್‌ಲೈನ್ ಅರ್ಜಿಯಲ್ಲಿ ಮಾತ್ರ ಈ ಕ್ರಮ ಪೂರ್ತಿ ನಡೆಯದು. ಅಲ್ಲಿ ಪ್ರತಿ ಹುದ್ದೆಗೂ ಕಂಪನಿಯ ಹೆಸರನ್ನು ಮತ್ತೆ ಕೇಳುವುದುಂಟು. ಆಗ ನಾಲ್ಕು ಸಲವೂ ಹೆಸರನ್ನು ಒಂದಕ್ಷರ ಬದಲಿಸದೆ ಒಂದೇ ರೀತಿ ತುಂಬಿ. ಒಂದು ಕಡೆ ‘ಕೆನರಾ ಬ್ಯಾಂಕ್’, ಇನ್ನೊಂದು ಕಡೆ ಅದರ ಶಾಖೆಯ ಹೆಸರು ಹಾಕಿದರೆ ಕಂಪ್ಯೂಟರ್ ಅವನ್ನು ಬೇರೆ ಬೇರೆ ಸಂಸ್ಥೆ ಎಂದೇ ಎಣಿಸಬಹುದು. ಒಂದು ಹುದ್ದೆ ಮುಗಿದ ತಿಂಗಳಿಗೂ ಮುಂದಿನದು ಶುರುವಾದ ತಿಂಗಳಿಗೂ ನಡುವೆ ಖಾಲಿ ಬಿಡಬೇಡಿ. ವಿವರಣೆಗೆ ಜಾಗವಿದ್ದರೆ ‘ಅದೇ ಬ್ಯಾಂಕಿನಲ್ಲಿ ಬಡ್ತಿ’ ಎಂದು ಮೊದಲ ಸಾಲಿನಲ್ಲೇ ಬರೆಯಿರಿ.