ಸಣ್ಣ ತುದಿಯ ಪಾಲೇ ದೊಡ್ಡದು

ಲೇತ್‌ನಲ್ಲಿ ಕಡೆದ ಒಂದು ಗಟ್ಟಿ ಉಕ್ಕಿನ ಶಾಫ್ಟ್. ಉದ್ದ 1 ಮೀಟರ್. ಒಂದು ತುದಿಯ ವ್ಯಾಸ 80 ಮಿ.ಮೀ.; ಅಲ್ಲಿಂದ ಒಂದೇ ಸಮನೆ ಸಣ್ಣಗಾಗುತ್ತ ಹೋಗಿ ಇನ್ನೊಂದು ತುದಿಯಲ್ಲಿ 40 ಮಿ.ಮೀ. ದಪ್ಪ ತುದಿಯನ್ನು ಅಲುಗಾಡದಂತೆ ಬಿಗಿದು, ಸಣ್ಣ ತುದಿಗೆ 1000 ನ್ಯೂಟನ್-ಮೀಟರ್ ಟಾರ್ಕ್ ಕೊಡೋಣ. ಒಂದು ಮೀಟರ್ ಉದ್ದದ ಸ್ಪ್ಯಾನರ್‌ನ ತುದಿಗೆ ಸುಮಾರು 100 ಕಿಲೋ ತೂಗುಹಾಕಿದಷ್ಟು ಬಲ ಅದು. ಆ ತುದಿ ಎಷ್ಟು ಡಿಗ್ರಿ ತಿರುಗೀತು?

ಸರಾಸರಿ ವ್ಯಾಸ 60 ಮಿ.ಮೀ. ಎಂದು ಹಿಡಿದು ಲೆಕ್ಕ ಹಾಕಿದರೆ 0.56 ಡಿಗ್ರಿ ಬರುತ್ತದೆ. ಈ ಉತ್ತರ ತಪ್ಪು.

ತಪ್ಪಿನ ಮೂಲ ಫ್ರಾನ್ಸಿನ ಕೂಲಂಬ್ 1784ರಲ್ಲಿ ಲೋಹದ ತಂತಿಗಳನ್ನು ತಿರುಚಿ ಕಂಡುಕೊಂಡ ನಿಯಮದಲ್ಲಿದೆ. ತಿರುಚುವಿಕೆಗೆ ತಂತಿ ಒಡ್ಡುವ ಪ್ರತಿರೋಧ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ನಮ್ಮ ಶಾಫ್ಟ್‌ನ ಒಂದು ತುದಿ ಇನ್ನೊಂದರ ಎರಡರಷ್ಟು ದಪ್ಪ. ಆದರೆ ಬಿಗಿತ 16 ಪಟ್ಟು. ಇಷ್ಟು ಅಂತರವಿರುವಲ್ಲಿ ಸರಾಸರಿ ವ್ಯಾಸ ನೆರವಿಗೆ ಬಾರದು.

ಹಾಗಾದರೆ ಶಾಫ್ಟನ್ನು ಮನಸ್ಸಿನಲ್ಲೇ ತುಂಡು ಮಾಡೋಣ. ಎರಡು ತುಂಡು ಮಾಡಿ, ಒಂದಕ್ಕೆ 50, ಇನ್ನೊಂದಕ್ಕೆ 70 ಮಿ.ಮೀ. ವ್ಯಾಸವೆಂದು ಹಿಡಿದು ಎರಡರ ತಿರುಚನ್ನೂ ಕೂಡಿದರೆ 0.74 ಡಿಗ್ರಿ. ನಾಲ್ಕು ತುಂಡು ಮಾಡಿದರೆ 0.80. ತುಂಡು ತೆಳುವಾದಷ್ಟೂ ಉತ್ತರ ನಿಜಕ್ಕೆ ಹತ್ತಿರವಾಗುತ್ತದೆ. ಬಿಲ್ಲೆಗಳನ್ನು ಎಣಿಸಲಾಗದಷ್ಟು ತೆಳುವಾಗಿಸಿ ಎಲ್ಲವನ್ನೂ ಒಟ್ಟು ಕೂಡುವುದೇ ಇಂಟಿಗ್ರೇಷನ್, ನಮ್ಮ ಪಠ್ಯಗಳ ಅನುಕಲನ. ಆ ಕೂಡಿಕೆ ಹೀಗೆ ಮುಗಿಯುತ್ತದೆ:

φ = 32TL / [3πG(D − d)] × (1/d³ − 1/D³)

ಇಲ್ಲಿ T ಟಾರ್ಕ್, L ಉದ್ದ, D ಮತ್ತು d ಎರಡು ತುದಿಗಳ ವ್ಯಾಸ. G ಎಂಬುದು ಲೋಹದ ಜಾರುಬಿಗಿತ. ಉಕ್ಕಿಗೆ ಸುಮಾರು 80 ಗಿಗಾಪಾಸ್ಕಲ್. ಅಳತೆಗಳನ್ನೆಲ್ಲ ಮೀಟರಿಗೆ ತಂದು ಹಾಕಿದರೆ 0.0145 ರೇಡಿಯನ್, ಅಂದರೆ 0.83 ಡಿಗ್ರಿ. ಸರಾಸರಿ ವ್ಯಾಸ ಕೊಟ್ಟ ಉತ್ತರಕ್ಕಿಂತ ಇದು ಹೆಚ್ಚುಕಡಿಮೆ ಒಂದೂವರೆ ಪಟ್ಟು.

ಈ 0.83 ಡಿಗ್ರಿಯಲ್ಲಿ ಯಾವ ಭಾಗದ ಪಾಲೆಷ್ಟು? ಸಣ್ಣ ತುದಿಯ ಕಡೆಯ ಅರ್ಧವೇ 0.67 ಡಿಗ್ರಿ ತಿರುಚಿಕೊಳ್ಳುತ್ತದೆ, ಶೇ. 80ರಷ್ಟು. ಶಾಫ್ಟ್‌ನ ಮೈಮೇಲೆ ಉದ್ದಕ್ಕೆ ಚಾಕ್‌ಪೀಸಿನ ಗೆರೆಯೊಂದನ್ನು ಎಳೆದಿದ್ದೇವೆ ಎಂದುಕೊಳ್ಳಿ. ತಿರುಚಿದಾಗ ದಪ್ಪ ಕಡೆ ಅದು ನೆಟ್ಟಗೇ ಉಳಿದಂತಿದ್ದು, ಸಣ್ಣ ತುದಿಗೆ ಹೋದಂತೆಲ್ಲ ಹೆಚ್ಚುಹೆಚ್ಚು ಓರೆಯಾಗುತ್ತದೆ. ಶಾಫ್ಟ್ ಬಿಗಿಯಾಗಬೇಕೆಂದು ದಪ್ಪ ತುದಿಗೆ ಲೋಹ ಸೇರಿಸಿದರೆ ಹೆಚ್ಚೇನೂ ಸಿಗದು. ಸಣ್ಣ ತುದಿಯನ್ನು ಕೆಲವೇ ಮಿಲಿಮೀಟರ್ ದಪ್ಪ ಮಾಡಿದರೂ ತಿರುಚು ಎದ್ದು ಕಾಣುವಷ್ಟು ತಗ್ಗುತ್ತದೆ.

ಲೆಕ್ಕ ಸರಿಯಿದೆಯೇ ಎಂದು ನೋಡಲು ಸುಲಭದ ದಾರಿಯಿದೆ. ಶಾಫ್ಟ್ ಪೂರ್ತಿ 80 ಮಿ.ಮೀ. ಇದ್ದಿದ್ದರೆ 0.18 ಡಿಗ್ರಿ, ಪೂರ್ತಿ 40 ಇದ್ದಿದ್ದರೆ 2.85 ಡಿಗ್ರಿ ತಿರುಗುತ್ತಿತ್ತು. ಉತ್ತರ ಇವೆರಡರ ನಡುವೆ ಇರಬೇಕು, ಸರಾಸರಿ ವ್ಯಾಸದ ಉತ್ತರಕ್ಕಿಂತ ಹೆಚ್ಚಿರಬೇಕು. ಇಲ್ಲದಿದ್ದರೆ ಮಿಲಿಮೀಟರನ್ನು ಮೀಟರಿಗೆ ಬದಲಿಸುವಲ್ಲಿ ಎಡವಿರುವ ಸಾಧ್ಯತೆಯೇ ಹೆಚ್ಚು. ಇನ್ನು, ವ್ಯಾಸ ಮೆಲ್ಲಗೆ ಇಳಿಯುವ ಶಾಫ್ಟ್‌ಗಷ್ಟೇ ಈ ಸೂತ್ರ ಒಪ್ಪುತ್ತದೆ. ಮೆಟ್ಟಿಲಿನಂತೆ ಥಟ್ಟನೆ ಸಣ್ಣಗಾಗುವ ಶಾಫ್ಟ್‌ನಲ್ಲಿ ಆ ಮೂಲೆಯ ಸುತ್ತ ಒತ್ತಡ ಬೇರೆಯೇ ರೀತಿ ಹರಡುವುದರಿಂದ, ಅದಕ್ಕೆ ಪ್ರತ್ಯೇಕ ಲೆಕ್ಕ ಬೇಕು.