ಬಿಡಿಸದೆಯೇ ಸಿಗುವ ಇಳಿಜಾರು

ಬೆಲ್‌ಫಾಸ್ಟ್‌ನ ಥಾಮಸ್ ಆಂಡ್ರ್ಯೂಸ್ ಗಾಜಿನ ಸಪೂರ ನಳಿಕೆಯೊಳಗೆ ಇಂಗಾಲದ ಡೈಆಕ್ಸೈಡನ್ನು ಅದುಮುತ್ತ ವರ್ಷಗಟ್ಟಲೆ ಕೂತಿದ್ದರು. ಅಲ್ಲಿ ಕಂಡದ್ದನ್ನು 1869ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟರು. ಸುಮಾರು 31 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದುಮಿದರೆ ಅನಿಲ ದ್ರವವಾಗುತ್ತದೆ, ಎರಡರ ನಡುವೆ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕಿಂತ ಮೇಲೆ ಎಷ್ಟೇ ಅದುಮಿದರೂ ಆ ಗೆರೆ ಮೂಡುವುದೇ ಇಲ್ಲ! ಲಾರ್ಡ್ ಕೆಲ್ವಿನ್ ಅವರ ಅಣ್ಣ ಜೇಮ್ಸ್ ಥಾಮ್ಸನ್ ಈ ಅಂಕಿಗಳನ್ನು ಹಿಡಿದು ಒತ್ತಡ, ಗಾತ್ರ, ತಾಪ ಎಂಬ ಮೂರು ದಿಕ್ಕುಗಳಲ್ಲಿ ಹರಡಿದ ಒಂದು ಮೇಲ್ಮೈಯ ಮಾದರಿಯನ್ನೇ ಮಾಡಿದರು. ಅನಿಲ ಇರಬಹುದಾದ ಪ್ರತಿಯೊಂದು ಸ್ಥಿತಿಯೂ ಆ ಮೇಲ್ಮೈಯ ಮೇಲಿನ ಒಂದು ಬಿಂದು.

ಅಂಥದೊಂದು ಮೇಲ್ಮೈಗೆ 1873ರಲ್ಲಿ ಸಮೀಕರಣ ಕೊಟ್ಟವರು ವಾನ್ ಡರ್ ವಾಲ್ಸ್. ಹಾಲೆಂಡಿನ ಬಡಗಿಯೊಬ್ಬರ ಮಗ, ವೃತ್ತಿಯಿಂದ ಶಾಲಾ ಮೇಷ್ಟ್ರು. ಲೈಡನ್ನಿನಲ್ಲಿ ಮಂಡಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ ಅವರು ಅಣುಗಳಿಗೆ ಸ್ವಂತ ಗಾತ್ರವಿದೆ, ಅವು ಒಂದನ್ನೊಂದು ಸೆಳೆಯುತ್ತವೆ ಎಂಬ ಎರಡೇ ಮಾತನ್ನು ಲೆಕ್ಕಕ್ಕೆ ಸೇರಿಸಿದರು. ಆಂಡ್ರ್ಯೂಸ್ ಕಂಡ ಆ ಗಡಿಯ ಬಿಂದುವಿಗೆ ಕ್ರಿಟಿಕಲ್ ಬಿಂದು ಎಂದು ಹೆಸರು. ಅಲ್ಲಿನ ಒತ್ತಡ, ಗಾತ್ರ, ತಾಪಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಅವರ ಸಮೀಕರಣ ಹೀಗೆ ನಿಲ್ಲುತ್ತದೆ:

(p + 3/v²)(3v − 1) = 8t

ಇಲ್ಲಿ p ಒತ್ತಡ, v ಗಾತ್ರ, t ನಿರಪೇಕ್ಷ ತಾಪ. ಇಂಗಾಲದ ಡೈಆಕ್ಸೈಡೇ ಇರಲಿ, ಬೇರೆ ಅನಿಲವೇ ಇರಲಿ, ಬರೆಯುವುದು ಇದೇ ಸಾಲು! ಈಗ ಒಂದು ಸಾದಾ ಪ್ರಶ್ನೆ: ಒತ್ತಡ ಬದಲಿಸದೆ ಕೊಂಚ ಬಿಸಿ ಮಾಡಿದರೆ ಗಾತ್ರ ಎಷ್ಟು ವೇಗವಾಗಿ ಹಿಗ್ಗುತ್ತದೆ? ಅಂದರೆ, ಮೇಲ್ಮೈಯ ಮೇಲೆ ನಿಂತು t ದಿಕ್ಕಿಗೆ ಹೆಜ್ಜೆ ಇಟ್ಟರೆ ಇಳಿಜಾರು ಎಷ್ಟು?

ಮೊದಲು v ಅನ್ನು ಬಿಡಿಸಿಕೊಳ್ಳೋಣ ಎಂದು ಹೊರಟರೆ ತಲೆನೋವು ಶುರು. ಸಮೀಕರಣವನ್ನು ಹರಡಿದಾಗ v ಘನದವರೆಗೂ ಏರುತ್ತದೆ. ಘನ ಸಮೀಕರಣಕ್ಕೆ ಸೂತ್ರವೇನೋ ಇದೆ, ಆದರೆ ಅದರ ತುಂಬ ಘನಮೂಲದೊಳಗೆ ವರ್ಗಮೂಲ. ಕೆಲವು ಕಡೆ ಒಂದರ ಬದಲು ಮೂರು ಉತ್ತರ ಬೇರೆ.

ಬಿಡಿಸಲೇಬೇಡಿ! ಎಲ್ಲವನ್ನೂ ಎಡಕ್ಕೆ ತಂದು ಹರಡಿ:

3pv − p + 9/v − 3/v² − 8t = 0

p ಅನ್ನು ಅಲುಗಾಡದಂತೆ ಹಿಡಿದುಕೊಳ್ಳಿ. t ಬದಲಾದರೆ v ತಾನಾಗಿ ಬದಲಾಗಲೇಬೇಕು, ಇಲ್ಲದಿದ್ದರೆ ಮೇಲ್ಮೈ ಬಿಟ್ಟು ಹೊರಗೆ ಬೀಳುತ್ತೇವೆ. ಆದ್ದರಿಂದ v ಇರುವ ಪ್ರತಿ ಪದವನ್ನು ಡಿಫರೆನ್ಸಿಯೇಟ್ ಮಾಡಿದಾಗಲೂ ಬೆನ್ನಿಗೆ ∂v/∂t ಅಂಟಿಕೊಂಡು ಬರುತ್ತದೆ. 3pv ಕೊಡುವುದು 3p·∂v/∂t. 9/v ಕೊಡುವುದು −(9/v²)·∂v/∂t. −3/v² ಕೊಡುವುದು (6/v³)·∂v/∂t. ಒಂಟಿಯಾಗಿ ನಿಂತ p ಸೊನ್ನೆ, −8t ಕೊಡುವುದು ಬರೀ −8. ಇಷ್ಟೂ ಕೂಡಿದರೆ ಸೊನ್ನೆ, ಏಕೆಂದರೆ ಎಡಭಾಗ ಎಲ್ಲೆಲ್ಲೂ ಸೊನ್ನೆಯೇ. ಬೇಕಾದ ∂v/∂t ಈಗ ಘನದಲ್ಲಿಲ್ಲ, ಮೂಲದೊಳಗಿಲ್ಲ. ಬಂದ ಪದಗಳಲ್ಲೆಲ್ಲ ಒಂದೇ ಸಲ, ಬರೀ ಗುಣಕವಾಗಿ ನಿಂತಿದೆ. ಹೊರಗೆಳೆದರೆ ಆಯಿತು:

∂v/∂t = 8 / (3p − 9/v² + 6/v³)

ಎಂಥ ಸೋಜಿಗ! ಬಿಡಿಸಲು ಮಣಿಯದ ಸಮೀಕರಣ ತನ್ನ ಇಳಿಜಾರನ್ನು ಇಷ್ಟು ಸಲೀಸಾಗಿ ಬಿಟ್ಟುಕೊಡುತ್ತದೆ. ಬೆಲೆಯೊಂದಿದೆ ನಿಜ: ಉತ್ತರದಲ್ಲಿ v ಕೂಡ ಉಳಿದಿದೆ, ಹಾಗಾಗಿ ಮೇಲ್ಮೈಯ ಮೇಲೆ ಎಲ್ಲಿ ನಿಂತಿದ್ದೇವೆ ಎಂದು ಮೊದಲೇ ಗೊತ್ತಿರಬೇಕು.

p = 1, v = 3 ತೆಗೆದುಕೊಳ್ಳೋಣ. ಎಡಕ್ಕೆ (4/3) × 8, ಆದ್ದರಿಂದ t = 4/3. ಛೇದ 3 − 1 + 6/27, ಅಂದರೆ 20/9. ಇಳಿಜಾರು 8 × 9/20 = 3.6. ನಂಬಿಕೆ ಬಾರದಿದ್ದರೆ ಪರೀಕ್ಷಿಸಿ. t ಅನ್ನು 0.01 ಏರಿಸಿದರೆ v ಸುಮಾರು 0.036 ಏರಬೇಕು. ಮೂಲ ಸಮೀಕರಣದಲ್ಲಿ v = 3.036 ಹಾಕಿ ನೋಡಿದರೆ ಎಡಗಡೆ 10.747, ಬಲಗಡೆಯೂ 10.747! ಅಣುಗಳ ಸೆಳೆತವೂ ಸ್ವಂತ ಗಾತ್ರವೂ ಇಲ್ಲದ ಆದರ್ಶ ಅನಿಲ ಇದೇ ತಾಪದಲ್ಲಿ ಇದೇ ಗಾತ್ರ ತುಂಬಿದ್ದರೆ ಇಳಿಜಾರು ಬರೀ v/t, ಅಂದರೆ 2.25 ಆಗುತ್ತಿತ್ತು. ಉಳಿದದ್ದು ಮುಖ್ಯವಾಗಿ ಆ ಸೆಳೆತದ ಕೆಲಸ: ಬಿಸಿಯಾಗಿ ಅಣುಗಳು ದೂರ ಸರಿದಂತೆ ಸೆಳೆತ ಸಡಿಲುತ್ತದೆ, ಅನಿಲ ಇನ್ನಷ್ಟು ಹಿಗ್ಗುತ್ತದೆ.

ಇದೇ ಬಿಂದುವಿನಲ್ಲಿ t ಹಿಡಿದು p ಬದಲಿಸಿದರೆ ∂v/∂p = −3.6. v ಹಿಡಿದು ಬಿಸಿ ಮಾಡಿದರೆ ∂p/∂t = 8/(3v − 1) = 1. ಈಗ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಸುತ್ತು ಬನ್ನಿ: ∂v/∂t, ∂t/∂p, ∂p/∂v. ಪ್ರತಿಯೊಂದರಲ್ಲೂ ಹೊರಗುಳಿದ ಮೂರನೆಯದು ಸ್ಥಿರ. ಭಿನ್ನರಾಶಿಗಳಂತೆ ಮೇಲೆ ಕೆಳಗೆ ಹೊಡೆದುಹಾಕಿದರೆ 1 ಬರಬೇಕು ಅನ್ನಿಸುತ್ತದೆ. ಗುಣಿಸಿ ನೋಡಿ: 3.6 × 1 × (−1/3.6). ಬಂದದ್ದು −1! ಒಂದು ಪದವನ್ನು ಸಮೀಕರಣದ ಆಚೆ ಬದಿಗೆ ಸಾಗಿಸಿಯೇ ಪಡೆಯುವುದರಿಂದ ಪ್ರತಿ ಇಳಿಜಾರಿನ ಸೂತ್ರವೂ ಒಂದೊಂದು ಋಣ ಚಿಹ್ನೆ ಹೊತ್ತು ಹುಟ್ಟುತ್ತದೆ, ಮೂರು ಋಣ ಸೇರಿದರೆ ಋಣವೇ. ಲೆಕ್ಕದಲ್ಲಿ +1 ಬಂದರೆ ಎಲ್ಲೋ ಒಂದು ಚಿಹ್ನೆ ಜಾರಿದೆ ಎಂದೇ ಅರ್ಥ.

ಇನ್ನು ಆಂಡ್ರ್ಯೂಸ್ ಅವರ ಬಿಂದುವಿಗೇ ಹೋಗೋಣ: p, v, t ಮೂರೂ 1. ಛೇದ ನೋಡಿ, 3 − 9 + 6. ಸೊನ್ನೆ! ∂v/∂t ಅನಂತಕ್ಕೆ ನೆಗೆಯಿತು, ∂v/∂p ಕೂಡ. ಪ್ರಯೋಗಶಾಲೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಒತ್ತಡದ ಅತಿ ಸಣ್ಣ ಅಲುಗಾಟಕ್ಕೂ ಸಾಂದ್ರತೆ ಹುಚ್ಚೆದ್ದು ಏರಿಳಿಯುತ್ತದೆ, ಬೆಳಕು ಚದುರುತ್ತದೆ, ತಿಳಿಯಾಗಿದ್ದ ದ್ರವ್ಯ ಹಾಲಿನಂತೆ ಬೆಳ್ಳಗಾಗುತ್ತದೆ. ಛೇದದಲ್ಲಿನ ಒಂದು ಸೊನ್ನೆ ಹೀಗೆ ಗಾಜಿನ ನಳಿಕೆಯಲ್ಲಿ ಬಣ್ಣವಾಗಿ ಬಂದು ನಿಲ್ಲುತ್ತದೆ!

ಕ್ರಿಟಿಕಲ್ ತಾಪಕ್ಕಿಂತ ಕೆಳಗೆ ಛೇದ ಕೆಲವೆಡೆ ಋಣವೇ ಆಗುತ್ತದೆ. ಅಲ್ಲಿ ಲೆಕ್ಕದ ಪ್ರಕಾರ ಅದುಮಿದಷ್ಟೂ ಗಾತ್ರ ಹೆಚ್ಚಬೇಕು. ಅಂಥ ವಸ್ತು ನಿಲ್ಲಲಾರದು, ಅನಿಲ ಮತ್ತು ದ್ರವವಾಗಿ ಒಡೆದುಕೊಳ್ಳುತ್ತದೆ. ಹಾಗಾಗಿ ಈ ಇಳಿಜಾರು ಬಳಸುವ ಮುನ್ನ ಛೇದದ ಚಿಹ್ನೆ ನೋಡಲೇಬೇಕು.

ಹಾಗಾದರೆ ಕ್ರಿಟಿಕಲ್ ಬಿಂದುವಿನಲ್ಲಿ ಮೇಲ್ಮೈ ಹರಿದಿದೆಯೇ? ಇಲ್ಲವೇ ಇಲ್ಲ! ಅದು ಅಲ್ಲೂ ನಯವಾಗಿಯೇ ಇದೆ. v ದಿಕ್ಕನ್ನು ಎತ್ತರವೆಂದು ಹಿಡಿದಿದ್ದಕ್ಕೆ ಅದು ಗೋಡೆಯಾಗಿ ಕಂಡಿತು, ಅಷ್ಟೇ. p ಅನ್ನು ಎತ್ತರವಾಗಿಸಿದರೆ ಛೇದಕ್ಕೆ ಬರುವುದು 3v − 1, ಅದು ಅಲ್ಲಿ 2. ಆಗ ∂p/∂v ಸೊನ್ನೆ, ಸಮತಟ್ಟು. ∂p/∂t 8/2, ಅಂದರೆ ಸಾದಾ 4. ದ್ರವ ಮತ್ತು ಆವಿ ಜೊತೆಗಿರುವ ಒತ್ತಡದ ರೇಖೆ ಈ ಬಿಂದುವಿಗೆ ಬಂದು ಮುಗಿಯುವಾಗ, ವಾನ್ ಡರ್ ವಾಲ್ಸ್ ಲೆಕ್ಕದಲ್ಲಿ, ಇದೇ 4ರ ಇಳಿಜಾರಿನಲ್ಲಿ ಬರುತ್ತದೆ. ನಿಜವಾದ ಇಂಗಾಲದ ಡೈಆಕ್ಸೈಡಿನಲ್ಲಿ ಆ ಏರು ಇನ್ನೂ ಕಡಿದು. ಎರಡೇ ಮಾತು ಸೇರಿಸಿ ಕಟ್ಟಿದ ಸಮೀಕರಣ ನಿಸರ್ಗದಿಂದ ಎಷ್ಟು ದೂರದಲ್ಲಿದೆ ಎಂಬುದನ್ನೂ ಈ ಇಳಿಜಾರೇ ಅಳೆದು ಕೊಡುತ್ತದೆ.