ನೀರೋ, ಕರುಳೋ?

ನಾಲ್ಕು ತಿಂಗಳ ಗಂಡುಮಗು. ಎಣ್ಣೆ ಹಚ್ಚಿ ಎರೆಯುವಾಗ ಬಲಗಡೆಯ ಬೀಜದ ಚೀಲ ಊದಿರುವುದು ಅಜ್ಜಿಯ ಕೈಗೆ ಗೊತ್ತಾಗುತ್ತದೆ ಎಂದಿಟ್ಟುಕೊಳ್ಳಿ. ಮುಟ್ಟಿದರೆ ಮಗು ಅಳುವುದಿಲ್ಲ, ಹಾಲನ್ನೂ ಚೆನ್ನಾಗಿ ಕುಡಿಯುತ್ತದೆ. ಬೆಳಿಗ್ಗೆ ಸಣ್ಣದಿದ್ದ ಊತ ಸಂಜೆಗೆ ದೊಡ್ಡದಾಗುತ್ತದೆ.

ಇದರ ಮೂಲ ಮಗು ಇನ್ನೂ ಗರ್ಭದಲ್ಲಿದ್ದ ಕಾಲದ್ದು. ವೃಷಣಗಳು ಹುಟ್ಟುವುದು ಹೊಟ್ಟೆಯೊಳಗೆ. ಏಳನೇ ತಿಂಗಳ ಹೊತ್ತಿಗೆ ಅವು ತೊಡೆಸಂದಿನ ಮೂಲಕ ಕೆಳಗಿಳಿಯುತ್ತವೆ. ಆಗ ಹೊಟ್ಟೆಯ ಒಳಪದರವೂ ಒಂದು ಕೊಳವೆಯಂತೆ ಅವುಗಳ ಜೊತೆ ಕೆಳಗೆ ಬಂದಿರುತ್ತದೆ. ಹುಟ್ಟುವ ಆಸುಪಾಸಿನಲ್ಲಿ ಈ ಕೊಳವೆ ತಾನಾಗಿ ಮುಚ್ಚಿಕೊಳ್ಳಬೇಕು. ಕೂದಲೆಳೆಯಷ್ಟು ತೆರೆದು ಉಳಿದರೆ ಹೊಟ್ಟೆಯ ನೀರು ಮಾತ್ರ ಜಿನುಗಿ ಇಳಿಯುತ್ತದೆ, ಅದು ಹೈಡ್ರೋಸೀಲ್. ಅಗಲವಾಗಿ ಉಳಿದರೆ ಕರುಳೇ ಇಳಿಯುತ್ತದೆ, ಅದು ಹರ್ನಿಯಾ. ಎರಡಕ್ಕೂ ದಾರಿ ಒಂದೇ. ಹಾಗಾಗಿಯೇ ಇಷ್ಟು ಗೊಂದಲ.

ವೈದ್ಯರು ಮೊದಲು ಊತದ ಮೇಲ್ತುದಿಯನ್ನು ಎರಡು ಬೆರಳಿನಿಂದ ಹಿಡಿದು ನೋಡುತ್ತಾರೆ. ಊತ ಚೀಲದಲ್ಲೇ ಮುಗಿದು, ಅದರ ಮೇಲೆ ಬೆರಳುಗಳು ಕೂಡಿದರೆ ನೀರಿರುವ ಸಂಭವವೇ ಹೆಚ್ಚು. ಊತ ತೊಡೆಸಂದಿನವರೆಗೂ ಹಬ್ಬಿ ಮೇಲ್ತುದಿಯೇ ಸಿಗದಿದ್ದರೆ ಹರ್ನಿಯಾದ ಅನುಮಾನ ಬರುತ್ತದೆ. ಮಗು ಅತ್ತಾಗ ಫಕ್ಕನೆ ಉಬ್ಬಿ, ಮೆಲ್ಲಗೆ ಒತ್ತಿದರೆ ಗುಳುಗುಳು ಎಂದು ಒಳಸರಿದರೆ ಅದು ಕರುಳೇ. ಕತ್ತಲಲ್ಲಿ ಟಾರ್ಚ್ ಹಿಡಿದಾಗ ನೀರಿನ ಚೀಲ ಕೆಂಪಗೆ ಬೆಳಗುತ್ತದೆ, ನಿಜ. ಆದರೆ ಹಸುಗೂಸಿನ ಕರುಳಿನ ಗೋಡೆ ಎಷ್ಟು ತೆಳುವೆಂದರೆ ಅದೂ ಬೆಳಗಬಹುದು. ಟಾರ್ಚ್ ನಂಬಿ ಮನೆಯಲ್ಲೇ ತೀರ್ಮಾನಿಸಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹೈಡ್ರೋಸೀಲ್ ಆದರೆ ಸಾಮಾನ್ಯವಾಗಿ ಕಾಯುತ್ತಾರೆ. ಒಂದೆರಡು ವರ್ಷ ತುಂಬುವಷ್ಟರಲ್ಲಿ ಹೆಚ್ಚಿನ ಮಕ್ಕಳಲ್ಲಿ ಕೊಳವೆ ಮುಚ್ಚಿ ನೀರು ಇಂಗುತ್ತದೆ. ಆಮೇಲೂ ಉಳಿದರೆ ಶಸ್ತ್ರಚಿಕಿತ್ಸೆ. ತೊಡೆಸಂದಿನ ಹರ್ನಿಯಾ ಮಾತ್ರ ತಾನಾಗಿ ವಾಸಿಯಾಗುವುದಿಲ್ಲ, ಎಳೆಯ ಮಗುವಿನಲ್ಲಿ ಕರುಳು ಸಿಕ್ಕಿಕೊಳ್ಳುವ ಅಪಾಯವೂ ಜಾಸ್ತಿ. ಆದ್ದರಿಂದ ಬೇಗ ಆಪರೇಷನ್ ಮಾಡಿಸಬೇಕು. ಊತ ಗಟ್ಟಿಯಾಗಿ, ಕೆಂಪಾಗಿ, ಮಗು ಅಳು ನಿಲ್ಲಿಸದೆ ವಾಂತಿ ಮಾಡಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಎಂದು ಕಾಯಬಾರದು.

ಅರವತ್ತು ದಾಟಿದವರಲ್ಲಿ ಕಥೆ ಬೇರೆ. ಸಾಮಾನ್ಯವಾಗಿ ಅವರ ಕೊಳವೆ ಎಂದೋ ಮುಚ್ಚಿರುತ್ತದೆ. ವೃಷಣದ ಸುತ್ತಲಿನ ಪೊರೆಯಲ್ಲಿ ಒಸರುವ ನೀರು ಇಂಗದೆ ನಿಂತು ಹೈಡ್ರೋಸೀಲ್ ಆಗುತ್ತದೆ. ಮಲಗಿದರೂ ಅದು ಕುಗ್ಗುವುದಿಲ್ಲ. ಹರ್ನಿಯಾ ಹಾಗಲ್ಲ, ಕೆಮ್ಮಿದರೆ ಉಬ್ಬುತ್ತದೆ, ಮಲಗಿದರೆ ಹೆಚ್ಚಾಗಿ ಒಳಗೆ ಹೋಗುತ್ತದೆ. ಕಲಬುರಗಿ, ಬೀದರ್ ಕಡೆಯಲ್ಲಿ ಮತ್ತು ಕರಾವಳಿಯಲ್ಲಿ ಸೊಳ್ಳೆಯಿಂದ ಹರಡುವ ಆನೆಕಾಲು ರೋಗದ ಹುಳುವೂ ಹೈಡ್ರೋಸೀಲ್‌ಗೆ ಕಾರಣವಾಗುತ್ತದೆ. ಗಂಡಸರು ನಾಚಿಕೆಯಿಂದ ಪಂಚೆಯ ಮರೆಯಲ್ಲಿ ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಊತದ ಹಿಂದೆ ವೃಷಣದಲ್ಲೇ ಗಡ್ಡೆ ಅಡಗಿರಬಹುದಾದ್ದರಿಂದ ಸ್ಕ್ಯಾನಿಂಗ್ ಮಾಡಿಸುವುದು ಲೇಸು. ಸೂಜಿ ಚುಚ್ಚಿ ನೀರು ತೆಗೆಸಿದರೆ ಅಂದಿಗೆ ಹಗುರವೆನಿಸಬಹುದು, ಆದರೆ ಪೊರೆ ಹಾಗೇ ಇರುವುದರಿಂದ ನೀರು ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ.